ಕಥೆ ಗೊತ್ತಾಗದಂತೆ ಒಂದು ಸರಣಿಯನ್ನು ಅಳೆಯುವುದು ಹೇಗೆ?

ಒಂದು ವೆಬ್ ಸರಣಿ ನೋಡಬೇಕಾ ಬೇಡವಾ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರುವುದು ಅದನ್ನು ಪೂರ್ತಿ ನೋಡಿದವರಿಗೆ. ಕಥೆಯ ಗುಟ್ಟು ಗೊತ್ತಿರುವುದೂ ಅವರಿಗೇ. ಅಂದರೆ ಸಲಹೆ ಕೇಳಲು ಹೋದ ಕಡೆಯೇ ಸ್ಪಾಯ್ಲರ್ ಸಿಗುವ ಅಪಾಯ ಜಾಸ್ತಿ. ಎರಡು ಗಂಟೆಯ ಸಿನಿಮಾ ಆದರೆ ಹೋಗಲಿ ಬಿಡಿ ಅಂತ ಸುಮ್ನೆ ನೋಡಿಬಿಡಬಹುದು. ಇಪ್ಪತ್ತು, ಮೂವತ್ತು ಗಂಟೆ ಕೇಳುವ ಸರಣಿಗೆ ವಿಚಾರಿಸದೆ ಕೂರುವುದು ಕಷ್ಟ.

ವಿಚಾರಿಸುವ ದಾರಿಯನ್ನು ಒಂದು ನಿಜವಾದ ಸರಣಿಯ ಮೇಲೆಯೇ ನಡೆಸಿ ನೋಡೋಣ. ನಾನು ಆರಿಸಿಕೊಂಡಿರುವುದು ‘ಡಾರ್ಕ್’. ನೆಟ್‌ಫ್ಲಿಕ್ಸ್‌ನ ಜರ್ಮನ್ ಸರಣಿ. ಬಾರಾನ್ ಬೊ ಓಡಾರ್ ಮತ್ತು ಯಾಂಟ್ಯೆ ಫ್ರೀಸೆ ಇದನ್ನು ರೂಪಿಸಿದವರು. ಗುಟ್ಟುಗಳ ಮೇಲೆಯೇ ನಿಂತ ಕಥೆ ಇದು, ಹಾಗಾಗಿ ಪರೀಕ್ಷೆಗೆ ಇದಕ್ಕಿಂತ ಕಠಿಣವಾದದ್ದು ಸಿಗುವುದು ಕಷ್ಟ. ನೀವು ಇನ್ನೂ ನೋಡಿಲ್ಲ ಎಂದಾದರೆ ಹೆದರಬೇಡಿ. ಈ ಲೇಖನ ಓದಿ ಮುಗಿಸಿದ ಮೇಲೂ ಅದರ ಕಥೆ ನಿಮಗೆ ಗೊತ್ತಿರುವುದಿಲ್ಲ.

ಮೊದಲು ಪ್ರಶ್ನೆಯನ್ನು ಒಡೆಯಬೇಕು. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ಎದುರಿನವರು ಕಥೆ ಹೇಳದೆ ಉತ್ತರಿಸಲಾರರು. ಆದರೆ ನಮಗೆ ನಿಜವಾಗಿ ಬೇಕಾಗಿರುವುದು ಮೂರು ಸಂಗತಿ. ಸರಣಿ ಮುಗಿದಿದೆಯಾ, ಇಲ್ಲ ನಡುವೆ ನಿಂತುಹೋಗಿದೆಯಾ? ಕೊನೆಯವರೆಗೂ ಮಟ್ಟ ಉಳಿಸಿಕೊಂಡಿದೆಯಾ? ನನ್ನ ರುಚಿಗೆ ಹೊಂದುತ್ತದಾ? ಮೊದಲ ಎರಡಕ್ಕೆ ಕಥೆಯ ಒಂದು ಸಾಲೂ ಓದದೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಮಾತ್ರ ಸ್ವಲ್ಪ ಓದಬೇಕು. ಅದನ್ನು ಕೊನೆಗೆ ಇಟ್ಟುಕೊಳ್ಳುವುದೇ ಜಾಣತನ. ಮೊದಲ ಎರಡರಲ್ಲೇ ಸರಣಿ ಬಿದ್ದುಹೋದರೆ ಮೂರನೆಯದರ ತಂಟೆಗೇ ಹೋಗಬೇಕಿಲ್ಲ.

ಮುಗಿದಿದೆಯಾ ಎಂಬುದು ಚಿಕ್ಕ ಪ್ರಶ್ನೆಯಂತೆ ಕಂಡರೂ ಈಗಿನ ಕಾಲದಲ್ಲಿ ಇದೇ ದೊಡ್ಡದು. ಸ್ಟ್ರೀಮಿಂಗ್ ಕಂಪನಿಗಳು ಒಂದೋ ಎರಡೋ ಸೀಸನ್ ಆದ ಮೇಲೆ ಸರಣಿಯನ್ನು ಕೈಬಿಡುವುದು ಮಾಮೂಲಾಗಿದೆ. ‘ಡಾರ್ಕ್’ ಮಾಡಿದ ಜೋಡಿಯೇ ಇದಕ್ಕೆ ಉದಾಹರಣೆ. ‘ಡಾರ್ಕ್’ 2017ರ ಡಿಸೆಂಬರ್‌ನಲ್ಲಿ ಶುರುವಾಗಿ 2020ರ ಜೂನ್‌ನಲ್ಲಿ ಮೂರನೇ ಸೀಸನ್‌ಗೆ ಮುಗಿಯಿತು. ಹತ್ತು, ಎಂಟು, ಎಂಟು, ಒಟ್ಟು 26 ಕಂತು. ಅವರು ಅಂದುಕೊಂಡಿದ್ದೇ ಮೂರು ಸೀಸನ್, ಆ ಮೂರೂ ಆದವು. ಆಮೇಲೆ ಅವರು ‘1899’ ಮಾಡಿದರು. ಅದು 2022ರ ನವೆಂಬರ್‌ನಲ್ಲಿ ಎಂಟು ಕಂತಾಗಿ ಬಂತು. 2023ರ ಜನವರಿ ಶುರುವಿನಲ್ಲೇ ಮುಂದಿನ ಸೀಸನ್ ಇಲ್ಲ ಎಂಬ ಸುದ್ದಿ ಬಂತು. ಅದಕ್ಕೂ ಎರಡನೇ, ಮೂರನೇ ಸೀಸನ್‌ಗಳ ಯೋಜನೆ ಅವರಲ್ಲಿತ್ತು. ಅಂದರೆ ಒಂದೇ ಜೋಡಿ ಮಾಡಿದ ಎರಡು ಸರಣಿಗಳಲ್ಲಿ ಒಂದು ಪೂರ್ತಿ ಕಥೆ, ಇನ್ನೊಂದು ಮೊದಲ ಭಾಗ ಮಾತ್ರ. ಇದನ್ನು ತಿಳಿದುಕೊಳ್ಳಲು ಒಂದು ಪಾತ್ರದ ಹೆಸರೂ ಬೇಕಾಗಲಿಲ್ಲ, ಅಲ್ವಾ?

ಇದನ್ನು ಹುಡುಕುವಾಗ ಕೇಳುವ ಮಾತು ಮುಖ್ಯ. ಸರಣಿಯ ಹೆಸರಿನ ಜೊತೆ ‘ಎಂಡಿಂಗ್’ ಎಂಬ ಪದ ಸೇರಿಸಬೇಡಿ. ಸೇರಿಸಿದರೆ ಕೊನೆಯ ಕಂತಿನ ಅರ್ಥ ಬಿಡಿಸುವ ಲೇಖನಗಳೇ ಸಾಲಾಗಿ ಬಂದು ನಿಲ್ಲುತ್ತವೆ. ಕೆಲವದರ ತಲೆಬರಹದಲ್ಲೇ ಎಲ್ಲ ಇರುತ್ತದೆ. ಅದರ ಬದಲು ‘ಕ್ಯಾನ್ಸಲ್ಡ್’ ಅಥವಾ ‘ರಿನ್ಯೂಡ್’ ಎಂಬ ಪದ ಹಾಕಿದರೆ ಬರುವುದು ವ್ಯಾಪಾರದ ಸುದ್ದಿ. ಅದರಲ್ಲಿ ಇರುವುದು ಕಂಪನಿ, ದಿನಾಂಕ, ಸೀಸನ್‌ಗಳ ಲೆಕ್ಕ. ‘ಲಿಮಿಟೆಡ್ ಸೀರೀಸ್’ ಎಂದು ಮೊದಲೇ ಘೋಷಿಸಿದ್ದರೆ ಇನ್ನೂ ಸುಲಭ, ಅದು ಒಂದೇ ಸೀಸನ್‌ನಲ್ಲಿ ಮುಗಿಯುವಂತೆ ಬರೆದ ಕಥೆ.

ಇನ್ನು ಎರಡನೇ ಪ್ರಶ್ನೆ, ಮಟ್ಟ ಉಳಿಸಿಕೊಂಡಿದೆಯಾ? ಇಲ್ಲಿ ಜನ ಮಾಡುವುದು, ನೋಡುಗರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಐಎಂಡಿಬಿ ತಾಣಕ್ಕೆ ಹೋಗಿ ಒಟ್ಟು ಅಂಕ ನೋಡುವುದು. ಆ ಒಂದು ಅಂಕ ಬಹಳ ಸಂಗತಿ ಮುಚ್ಚಿಡುತ್ತದೆ. ‘ಗೇಮ್ ಆಫ್ ಥ್ರೋನ್ಸ್’ ತೆಗೆದುಕೊಳ್ಳಿ. ಎಂಟು ಸೀಸನ್, 73 ಕಂತು. ಇವತ್ತಿಗೂ ಅದರ ಒಟ್ಟು ಅಂಕ ಒಂಬತ್ತಕ್ಕಿಂತ ಮೇಲಿದೆ. ಆದರೆ 2019ರಲ್ಲಿ ಬಂದ ಕೊನೆಯ ಕಂತಿಗೆ ಅದೇ ತಾಣದಲ್ಲಿ ಜನ ಕೊಟ್ಟ ಅಂಕ ನಾಲ್ಕರ ಆಸುಪಾಸು. ಇದು ಹೇಗೆ ಸಾಧ್ಯ? ಸರಣಿಯ ಅಂಕ ಎಂಬುದು ಕಂತುಗಳ ಅಂಕದ ಸರಾಸರಿ ಅಲ್ಲ. ಅದು ಬೇರೆಯೇ ಮತದಾನ. ಅದರಲ್ಲಿ ಮೊದಲ ವರ್ಷಗಳಲ್ಲಿ ಖುಷಿಯಿಂದ ಹತ್ತು ಒತ್ತಿ ಹೋದವರ ಮತಗಳೂ ಹಾಗೇ ಉಳಿದಿರುತ್ತವೆ. ಹಾಗಾಗಿ ಒಟ್ಟು ಅಂಕವನ್ನು ‘ಇದು ಜನಕ್ಕೆ ಒಂದು ಕಾಲದಲ್ಲಿ ಹಿಡಿಸಿತ್ತು’ ಎಂದಷ್ಟೇ ಓದಬೇಕು.

ಬೇಕಾಗಿರುವುದು ಕಂತುಗಳ ಅಂಕ ಏರುತ್ತಿದೆಯಾ ಇಳಿಯುತ್ತಿದೆಯಾ ಎಂಬುದು. ‘ಡಾರ್ಕ್’ ವಿಷಯದಲ್ಲಿ ಮೊದಲ ಕಂತು ಎಂಟರ ಹತ್ತಿರದಿಂದ ಶುರುವಾಗುತ್ತದೆ, ಕೊನೆಯದು ಒಂಬತ್ತೂವರೆಯ ಹತ್ತಿರ ಮುಗಿಯುತ್ತದೆ. ವಿಮರ್ಶೆಗಳನ್ನು ಒಟ್ಟು ಮಾಡಿ ಲೆಕ್ಕ ಹಾಕುವ ರಾಟನ್ ಟೊಮ್ಯಾಟೋಸ್ ತಾಣದಲ್ಲೂ ಮೊದಲ ಸೀಸನ್‌ಗಿಂತ ಮುಂದಿನ ಎರಡಕ್ಕೆ ವಿಮರ್ಶಕರ ಒಪ್ಪಿಗೆ ಜಾಸ್ತಿ. ಎರಡು ಬೇರೆ ಬೇರೆ ಗುಂಪುಗಳು ಒಂದೇ ದಿಕ್ಕು ತೋರಿಸುತ್ತಿವೆ ಅಂದರೆ ಅದು ಗಟ್ಟಿ ಸುಳಿವು.

ಆದರೂ ಇಲ್ಲಿ ಒಂದು ಮೋಸ ಇದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಮೂರನೇ ಸೀಸನ್‌ಗೆ ಅಂಕ ಕೊಡುವವರು ಯಾರು? ಮೊದಲ ಎರಡನ್ನು ಇಷ್ಟಪಟ್ಟು ಮುಂದೆ ಬಂದವರು. ಬೇಸರವಾದವರು ಆಗಲೇ ಎದ್ದು ಹೋಗಿರುತ್ತಾರೆ. ಹಾಗಾಗಿ ಮುಂದಿನ ಸೀಸನ್‌ಗಳ ಅಂಕ ಸ್ವಲ್ಪ ತಾನಾಗಿಯೇ ಏರುತ್ತದೆ. ನನ್ನ ಲೆಕ್ಕದಲ್ಲಿ ಸ್ವಲ್ಪ ಏರಿದ್ದರೆ ಅದಕ್ಕೆ ಜಾಸ್ತಿ ಅರ್ಥ ಕಟ್ಟಬಾರದು. ಅದೇ ಅಂಕ ಇಳಿದಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು, ಯಾಕೆಂದರೆ ಅಲ್ಲಿ ಸಿಟ್ಟಾಗಿರುವವರು ಅಭಿಮಾನಿಗಳೇ. ಎಷ್ಟು ಜನ ಎದ್ದು ಹೋದರು ಎಂಬುದನ್ನೂ ಅಂದಾಜು ಮಾಡಬಹುದು. ಕಂತಿನ ಅಂಕದ ಪಕ್ಕದಲ್ಲಿ ಮತಗಳ ಸಂಖ್ಯೆ ಇರುತ್ತದೆ. ಮೊದಲ ಕಂತನ್ನೂ ಕೊನೆಯ ಕಂತನ್ನೂ ಹೋಲಿಸಬೇಡಿ, ಎರಡಕ್ಕೂ ಮತ ಸಾಮಾನ್ಯವಾಗಿ ಹೆಚ್ಚೇ ಬೀಳುತ್ತದೆ. ಮೊದಲ ಸೀಸನ್‌ನ ನಡುವಿನ ಒಂದು ಕಂತನ್ನು ಎರಡನೇ ಸೀಸನ್‌ನ ನಡುವಿನ ಕಂತಿನ ಜೊತೆ ಇಟ್ಟು ನೋಡಿ. ಮತ ಸ್ವಲ್ಪ ಇಳಿದಿದ್ದರೆ ಅದು ಸಹಜ. ಅರ್ಧಕ್ಕಿಂತ ಕೆಳಗೆ ಕುಸಿದಿದ್ದರೆ ಮೊದಲ ಸೀಸನ್ ಜನರನ್ನು ಹಿಡಿದಿಡಲಿಲ್ಲ ಎಂದೇ ನಾನು ಓದುವುದು.

ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಅಂಕವನ್ನು ಪರೀಕ್ಷೆಯ ಅಂಕದಂತೆ ಓದುವವರು ತುಂಬಾ ಜನ. 95 ಅಂದರೆ ನೂರಕ್ಕೆ 95ರಷ್ಟು ಒಳ್ಳೆಯ ಸರಣಿ ಎಂದಲ್ಲ. ನೂರು ವಿಮರ್ಶೆಯಲ್ಲಿ 95 ‘ಪರವಾಗಿಲ್ಲ, ನೋಡಬಹುದು’ ಅಥವಾ ಅದಕ್ಕಿಂತ ಮೇಲೆ ಅಂದಿವೆ ಎಂದರ್ಥ. ಅರವತ್ತೋ ಅದಕ್ಕಿಂತ ಮೇಲೋ ಇದ್ದರೆ ಆ ತಾಣ ‘ಫ್ರೆಶ್’, ಅಂದರೆ ಚೆನ್ನಾಗಿದೆ, ಎಂಬ ಗುರುತು ಹಾಕುತ್ತದೆ. ಎಲ್ಲರಿಗೂ ತಕ್ಕಮಟ್ಟಿಗೆ ಹಿಡಿಸಿದ ಸಾಧಾರಣ ಸರಣಿ ಇಲ್ಲಿ ನೂರರ ಹತ್ತಿರ ಹೋಗಬಹುದು. ಕೆಲವರನ್ನು ಹುಚ್ಚು ಹಿಡಿಸಿ ಕೆಲವರಿಗೆ ಬೇಡವೇ ಬೇಡ ಅನಿಸಿದ್ದು ಎಪ್ಪತ್ತರಲ್ಲಿ ನಿಲ್ಲಬಹುದು. ಇನ್ನೊಂದು ಮಾತು. ವಿಮರ್ಶಕರಿಗೆ ಎಷ್ಟೋ ಸಲ ಬಿಡುಗಡೆಗೆ ಮೊದಲು ಸಿಗುವುದು ಮೊದಲ ಕೆಲವು ಕಂತುಗಳು ಮಾತ್ರ. ಸೀಸನ್‌ಗೆ ಅಂತ ಕಾಣುವ ಅಂಕ ನಿಜದಲ್ಲಿ ಅರ್ಧ ಸೀಸನ್‌ನದ್ದಾಗಿರಬಹುದು. ಕೊನೆ ಹೇಗಿದೆ ಎಂಬುದಕ್ಕೆ ಅದನ್ನು ನಂಬಿ ಕೂರಬಾರದು.

ಸಂಖ್ಯೆ ನೋಡಿದರೆ ಕಥೆ ತಿಳಿಯುವುದಿಲ್ಲ ಎಂದು ಮೇಲೆ ಹೇಳಿದೆ. ಪೂರ್ತಿ ನಿಜ ಅಲ್ಲ. ಕಂತುಗಳ ಅಂಕ ಕಾಣುವ ಪುಟದಲ್ಲಿ ಕಂತಿನ ಹೆಸರು, ಒಂದು ಚಿತ್ರ, ಎರಡು ಸಾಲಿನ ಸಾರಾಂಶವೂ ಇರುತ್ತವೆ. ಚಿತ್ರದಲ್ಲಿ ಯಾರು ಯಾರ ಪಕ್ಕದಲ್ಲಿ ನಿಂತಿದ್ದಾರೆ ಎಂಬುದೇ ಸಾಕು, ಅವರು ಅಲ್ಲಿಯವರೆಗೂ ಬದುಕಿದ್ದಾರೆ ಎಂದು ತಿಳಿದುಬಿಡುತ್ತದೆ. ಅಂಕದ ಏರಿಳಿತವೂ ಮಾತಾಡುತ್ತದೆ. ಎಂಟೂವರೆಗಳ ಸಾಲಿನ ನಡುವೆ ಒಂದು 9.8 ಕಂಡರೆ ಅಲ್ಲಿ ಏನೋ ದೊಡ್ಡದು ಕಾದಿದೆ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಆ ಕಂತು ಬರುವವರೆಗೂ ಮನಸ್ಸು ಅದನ್ನೇ ಕಾಯುತ್ತದೆ. ಹಾಗಾಗಿ ಪ್ರತಿ ಕಂತಿನ ಅಂಕ ನೋಡುವ ಅಗತ್ಯವಿಲ್ಲ. ಪ್ರತಿ ಸೀಸನ್‌ನ ಒಟ್ಟು ಮಟ್ಟ ಸಾಕು. ಈಗಾಗಲೇ ನೋಡಿರುವ ಗೆಳೆಯರಿದ್ದರೆ ಪುಟ ತೆರೆಯುವ ಕೆಲಸ ಅವರಿಗೇ ಬಿಡಿ, ‘ಸೀಸನ್‌ಗೊಂದು ಅಂಕ ಹೇಳು’ ಅಂದರೆ ಆಯಿತು.

ಇದೆಲ್ಲಕ್ಕಿಂತ ಅಪಾಯಕಾರಿ ಪಾತ್ರವರ್ಗದ ಪಟ್ಟಿ. ನಟರ ಹೆಸರು ತಾನೇ, ಅದರಲ್ಲೇನಿದೆ ಅಂದುಕೊಳ್ಳುತ್ತೇವೆ. ಐಎಂಡಿಬಿಯಲ್ಲಿ ಪ್ರತಿ ನಟನ ಮುಂದೆ ಎಷ್ಟು ಕಂತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬರೆದಿರುತ್ತದೆ. ಮುಖ್ಯ ಪಾತ್ರ ಅಂದುಕೊಂಡವನ ಮುಂದೆ ಐವತ್ತರಲ್ಲಿ ಒಂಬತ್ತೇ ಕಂತು ಅಂತ ಇದ್ದರೆ ಬೇರೇನು ಹೇಳಬೇಕು? ‘ಡಾರ್ಕ್’ ವಿಷಯದಲ್ಲಂತೂ ಆ ಪಟ್ಟಿಯನ್ನು ಮುಟ್ಟಲೇಬೇಡಿ. ಕಂತುಗಳ ಲೆಕ್ಕ ಬಿಡಿ, ಪಟ್ಟಿ ಬರೆದಿರುವ ರೀತಿಯೇ ಕಥೆಯ ಗಂಟನ್ನು ಬಿಚ್ಚಿಡುತ್ತದೆ. ಯಾಕೆ ಅಂತ ಹೇಳಿದರೆ ನಾನೂ ಅದೇ ತಪ್ಪು ಮಾಡಿದಂತಾಗುತ್ತದೆ.

ವಿಕಿಪೀಡಿಯದ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಇಂಗ್ಲಿಷ್ ವಿಕಿಪೀಡಿಯ ಸ್ಪಾಯ್ಲರ್ ಎಚ್ಚರಿಕೆ ಹಾಕುವುದಿಲ್ಲ. ಅದು ಮರೆವಲ್ಲ, ಅವರ ನಿಯಮವೇ ಹಾಗಿದೆ. ವಿಶ್ವಕೋಶ ಅಂದ ಮೇಲೆ ಕಥೆ ಪೂರ್ತಿ ಇರಬೇಕು ಎಂಬುದು ಅವರ ವಾದ. ಹಾಗಾಗಿ ಅಲ್ಲಿ ಕೆಳಗೆ ಸ್ಕ್ರಾಲ್ ಮಾಡಿದಂತೆಲ್ಲ ಅಪಾಯ. ಬೇಕಿದ್ದರೆ ಫೋನಿನ ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಸಾಮಾನ್ಯವಾಗಿ ವಿಭಾಗಗಳು ಮುಚ್ಚಿಕೊಂಡೇ ಇರುತ್ತವೆ, ನಮಗೆ ಬೇಕಾದದ್ದನ್ನು ಮಾತ್ರ ಒತ್ತಿ ತೆರೆಯಬಹುದು. ಅಭಿಮಾನಿಗಳು ನಡೆಸುವ ವಿಕಿಗಳ ಕಡೆ ಮಾತ್ರ ತಲೆ ಹಾಕಬೇಡಿ. ಅಲ್ಲಿ ಪಾತ್ರದ ಚಿತ್ರದ ಕೆಳಗೇ ಜೀವಂತವೋ ಸತ್ತಿದ್ದಾನೋ ಎಂದು ಬರೆದಿರುತ್ತದೆ.

ಈಗ ಮೂರನೇ ಪ್ರಶ್ನೆ, ನನಗೆ ಹಿಡಿಸುತ್ತದಾ? ಇದಕ್ಕೆ ವಿಮರ್ಶೆ ಓದಲೇಬೇಕು. ಯಾವ ವಿಮರ್ಶೆ ಎಂಬುದರಲ್ಲೇ ಎಲ್ಲ ಇದೆ. ನನ್ನ ಮಟ್ಟಿಗೆ ಅತ್ಯಂತ ಸುರಕ್ಷಿತವಾದದ್ದು ಸರಣಿ ಬಂದ ವಾರದಲ್ಲೇ ಬರೆದ ವಿಮರ್ಶೆ. ಕಾರಣ ಸರಳ. ಎರಡನೇ ಸೀಸನ್‌ನಲ್ಲಿ ಏನಾಗುತ್ತದೆ ಎಂಬುದು ಆಗ ಬರೆಯುವವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಬಾಯಿಬಿಡಲಾರರು. ಮೊದಲ ಸೀಸನ್‌ನ ವಿಷಯದಲ್ಲೂ ಆಗ ಎಚ್ಚರ ಹೆಚ್ಚಿರುತ್ತದೆ. ಓದುಗರು ಯಾರೂ ಇನ್ನೂ ನೋಡಿಲ್ಲ ಎಂಬುದು ಬರೆಯುವವರಿಗೆ ಗೊತ್ತು. ಇಂಥದ್ದನ್ನು ಬರೆಯಬೇಡಿ ಎಂಬ ಪಟ್ಟಿಯನ್ನು ಸರಣಿಯವರು ಕೊಟ್ಟಿರುವುದೂ ಉಂಟು.

ಹಳೆಯ ವಿಮರ್ಶೆಗಳನ್ನು ಮಾತ್ರ ಹುಡುಕಲು ಗೂಗಲ್‌ನಲ್ಲಿ ದಿನಾಂಕದ ಮಿತಿ ಹಾಕಬಹುದು. ‘ಡಾರ್ಕ್’ ಮೊದಲ ಸೀಸನ್ ಬಂದದ್ದು 2017ರ ಡಿಸೆಂಬರ್ 1ಕ್ಕೆ. ಹಾಗಾಗಿ ಹೀಗೆ ಟೈಪ್ ಮಾಡಿದರೆ ಆಯಿತು:

```
netflix dark review after:2017-11-20 before:2017-12-20 -ending -explained
```

ಪದಕ್ಕೆ ಮೊದಲು ಅಂಟಿಕೊಂಡಿರುವ ಅಡ್ಡಗೆರೆ ಆ ಪದ ಇರುವ ಪುಟಗಳನ್ನು ಕೈಬಿಡು ಎಂದು ಹೇಳುತ್ತದೆ. ಇದು ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ಹಳೆಯ ಪುಟವನ್ನು ಆಮೇಲೆ ತಿದ್ದಿದ್ದರೆ ದಿನಾಂಕ ಹಳೆಯದೇ ಇದ್ದು ಒಳಗಿನ ವಿಷಯ ಹೊಸದಾಗಿರಬಹುದು. ಪುಟದ ಮೇಲ್ಗಡೆ ‘ಅಪ್‌ಡೇಟೆಡ್’ ಎಂದು ಇತ್ತೀಚಿನ ತಾರೀಕು ಕಂಡರೆ ಮುಚ್ಚಿ ಮುಂದೆ ಹೋಗಿ.

ತೆರೆದ ವಿಮರ್ಶೆಯನ್ನೂ ಪೂರ್ತಿ ಓದಬೇಕಿಲ್ಲ. ಸಾಮಾನ್ಯವಾಗಿ ಕಥೆ ಇರುವುದು ನಡುವೆ. ಮೊದಲ ಪ್ಯಾರಾದಲ್ಲಿ ಯಾವ ಬಗೆಯ ಸರಣಿ ಎಂದಿರುತ್ತದೆ, ಕೊನೆಯ ಪ್ಯಾರಾದಲ್ಲಿ ತೀರ್ಪು ಇರುತ್ತದೆ. ಈ ಎರಡನ್ನು ಓದಿ ನಡುವಿನದನ್ನು ಬಿಟ್ಟರೂ ನಷ್ಟ ಕಡಿಮೆ. ಹೊಗಳಿದ ವಿಮರ್ಶೆಗಿಂತ ತೆಗಳಿದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೊಗಳುವವರು ತಮಗೆ ಹಿಡಿಸಿದ ದೃಶ್ಯವನ್ನು ವರ್ಣಿಸಲು ಶುರು ಮಾಡುತ್ತಾರೆ, ಅಲ್ಲೇ ಜಾರುತ್ತಾರೆ. ತೆಗಳುವವರು ಹೇಳುವುದು ನಿಧಾನ, ಉದ್ದ, ಗೊಂದಲ ಎಂಬಂಥ ಮಾತು. ‘ಡಾರ್ಕ್’ ಬಗ್ಗೆ ಆಗ ಬಂದ ದೂರುಗಳನ್ನು ಒಟ್ಟು ಮಾಡಿದರೆ ಹೀಗಿವೆ: ಪಾತ್ರಗಳು ಬಹಳ, ಯಾರು ಯಾರ ಮಗ ಎಂದು ನೆನಪಿಡುವುದೇ ಒಂದು ಕೆಲಸ. ನಡೆ ನಿಧಾನ. ನಗು ಇಲ್ಲವೇ ಇಲ್ಲ. ಇಂಗ್ಲಿಷ್ ಡಬ್ಬಿಂಗ್ ಚೆನ್ನಾಗಿಲ್ಲ, ಜರ್ಮನ್ ಧ್ವನಿಯಲ್ಲಿ ಸಬ್‌ಟೈಟಲ್ ಹಾಕಿಕೊಂಡು ನೋಡಿ. ‘ಸ್ಟ್ರೇಂಜರ್ ಥಿಂಗ್ಸ್’ ಜೊತೆ ಹೋಲಿಸದವರೇ ಕಡಿಮೆ, ಆದರೆ ಅದರ ಲವಲವಿಕೆ ಇಲ್ಲಿಲ್ಲ ಎಂಬ ಮಾತೂ ಜೊತೆಗಿತ್ತು.

ಈ ದೂರುಗಳನ್ನು ಓದಿ ನಿಮಗೇನನಿಸಿತು? ‘ಅಯ್ಯೋ, ದಿನದ ಕೆಲಸ ಮುಗಿಸಿ ಇದನ್ನೆಲ್ಲ ಯಾರು ನೆನಪಿಡುತ್ತಾರೆ’ ಅನಿಸಿದರೆ ಇದು ನಿಮ್ಮ ಸರಣಿ ಅಲ್ಲ, ಅಂಕ ಎಷ್ಟೇ ಇರಲಿ. ‘ನಿಧಾನವಾದರೆ ಏನಂತೆ, ತಲೆಗೆ ಕೆಲಸ ಇದ್ದರೆ ಸಾಕು’ ಅನಿಸಿದರೆ ನಿಮ್ಮದೇ. ತೀರ್ಮಾನಕ್ಕೆ ಬೇಕಾದದ್ದು ಸಿಕ್ಕಿತು. ಕಥೆ ಮಾತ್ರ ಸಿಕ್ಕಿಲ್ಲ.

ಗೆಳೆಯರನ್ನು ಕೇಳುವಾಗಲೂ ಇದೇ ಎಚ್ಚರ ಬೇಕು. ‘ಕೊನೆ ಹೇಗಿದೆ?’ ಅಂದರೆ ‘ಹೇಳಲ್ಲ, ಆದರೆ ಒಂದು ಟ್ವಿಸ್ಟ್ ಇದೆ ನೋಡು’ ಎಂಬ ಉತ್ತರ ಬರುತ್ತದೆ. ಟ್ವಿಸ್ಟ್ ಇದೆ ಎಂದು ಹೇಳುವುದೇ ಸ್ಪಾಯ್ಲರ್ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಇನ್ನು ಪ್ರತಿ ದೃಶ್ಯದಲ್ಲೂ ನೀವು ಅದನ್ನೇ ಹುಡುಕುತ್ತೀರಿ. ಸಂಖ್ಯೆಯಲ್ಲೋ ಹೌದು-ಇಲ್ಲ ಎಂದೋ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಎಷ್ಟನೇ ಕಂತಿಗೆ ನಿನಗೆ ಹಿಡಿಸಿತು? ಯಾವ ಸೀಸನ್‌ಗೆ ನಿಲ್ಲಿಸಿದರೂ ನಡೆಯುತ್ತದಾ? ಮುಗಿಸಿದ ಮೇಲೆ ಸಮಯ ಹಾಳಾಯಿತು ಅನಿಸಿತಾ? ಮೊದಲ ಪ್ರಶ್ನೆಯ ಉತ್ತರ ತುಂಬಾ ಕೆಲಸಕ್ಕೆ ಬರುತ್ತದೆ. ‘ಮೂರನೇ ಕಂತು’ ಅಂದರೆ ಮೂರು ನೋಡಿ ಹಿಡಿಸದಿದ್ದರೆ ಧೈರ್ಯವಾಗಿ ಬಿಡಬಹುದು.

ಇಷ್ಟೆಲ್ಲ ಎಚ್ಚರ ಬೇಕಾ, ಸ್ಪಾಯ್ಲರ್‌ನಿಂದ ನಿಜಕ್ಕೂ ನಷ್ಟ ಇದೆಯಾ ಎಂದು ಕೇಳುವವರೂ ಇದ್ದಾರೆ. ಅವರ ಕೈಯಲ್ಲಿ ಒಂದು ಅಧ್ಯಯನವೂ ಇದೆ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್, ಜನರಿಗೆ ಸಣ್ಣ ಕಥೆಗಳನ್ನು ಓದಲು ಕೊಟ್ಟರು. ಕೊನೆ ಮೊದಲೇ ಗೊತ್ತಿದ್ದವರೇ ಕಥೆಯನ್ನು ಸ್ವಲ್ಪ ಹೆಚ್ಚು ಮೆಚ್ಚಿಕೊಂಡಿದ್ದರು. ಸುದ್ದಿಯಾಗಿದ್ದು ಇದೇ. ಆದರೆ 2015ರಲ್ಲಿ ಬೇರೆ ಸಂಶೋಧಕರು ಇಂಥದ್ದೇ ಪ್ರಯೋಗ ಮಾಡಿದಾಗ ಫಲಿತಾಂಶ ತಿರುಗಿ ಬಂತು, ಸ್ಪಾಯ್ಲರ್ ಓದಿದವರಿಗೆ ಖುಷಿ ಕಡಿಮೆ ಸಿಕ್ಕಿತ್ತು. ನನಗೆ ಎರಡೂ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ ಅನಿಸುತ್ತದೆ. ಒಂದೇ ಕೂತಿನಲ್ಲಿ ಮುಗಿಯುವ ಸಣ್ಣ ಕಥೆಯೇ ಬೇರೆ, 26 ಕಂತು ಕಾಯಿಸುವ ಕಥೆಯೇ ಬೇರೆ. ಮನೆಮಂದಿಯ ಜಗಳ, ಪ್ರೀತಿ, ಹಾಸ್ಯದ ಸರಣಿಯಾದರೆ ಕೊನೆ ಗೊತ್ತಿದ್ದರೂ ನೋಡಬಹುದು. ‘ಡಾರ್ಕ್’ ಥರದ್ದರಲ್ಲಿ ಗುಟ್ಟು ಗೊತ್ತಾದರೆ ಉಳಿಯುವುದು ಮಳೆ ಮತ್ತು ಸಪ್ಪೆ ಮುಖಗಳು.

ನೋಡಲು ಶುರು ಮಾಡಿದ ಮೇಲೆ ಅಪಾಯ ಹೆಚ್ಚೇ ಆಗುತ್ತದೆ. ಎರಡನೇ ಕಂತಿನಲ್ಲಿ ‘ಇವನು ಯಾರು?’ ಎಂದು ಗೂಗಲ್ ಮಾಡಲು ಹೋಗುತ್ತೀರಿ. ಹೆಸರು ಟೈಪ್ ಮಾಡುತ್ತಿದ್ದಂತೆ ಕೆಳಗೆ ಸಲಹೆಗಳು ಇಳಿಯುತ್ತವೆ, ಹೆಸರಿನ ಪಕ್ಕದಲ್ಲೇ ‘ಡೆತ್’ ಎಂದಿರುತ್ತದೆ. ಏನನ್ನೂ ಒತ್ತಿಲ್ಲ, ಕೆಲಸ ಕೆಟ್ಟಾಯಿತು. ಯೂಟ್ಯೂಬ್‌ನಲ್ಲಿ ಒಂದು ಟ್ರೇಲರ್ ನೋಡಿದರೆ ಸಾಕು, ಮುಂದೆ ದಿನಗಟ್ಟಲೆ ಅದೇ ಸರಣಿಯ ಕೊನೆಯ ದೃಶ್ಯದ ಚಿತ್ರಗಳು ಎದುರಿಗೆ ಬರುತ್ತಿರುತ್ತವೆ. ಹುಡುಕುವುದೇನಿದ್ದರೂ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಲಾಗಿನ್ ಆಗದೆ ಮಾಡಿದರೆ ಈ ಎರಡನೇ ಕಾಟ ಕಡಿಮೆಯಾಗುತ್ತದೆ. ಹುಡುಕಾಟದ ಸಲಹೆಗಳು ಅಲ್ಲಿಯೂ ಇಳಿಯುತ್ತವೆ, ಅದಕ್ಕೆ ಮದ್ದಿಲ್ಲ. ಪಾತ್ರದ ಹೆಸರನ್ನು ಟೈಪ್ ಮಾಡದೆ ಇರುವುದೊಂದೇ ದಾರಿ.

‘ಡಾರ್ಕ್’ ನೋಡುವವರಿಗೆ ಮಾತ್ರ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ನೆಟ್‌ಫ್ಲಿಕ್ಸ್‌ನವರೇ ಮಾಡಿದ್ದಾರೆ. `dark.netflix.io` ಎಂಬ ತಾಣದಲ್ಲಿ ಯಾವ ಕಂತಿನವರೆಗೆ ನೋಡಿದ್ದೀರಿ ಎಂದು ಮೊದಲು ಆರಿಸಿಕೊಳ್ಳಬೇಕು. ಅಲ್ಲಿಯವರೆಗೆ ಗೊತ್ತಾಗಿರುವ ಕುಟುಂಬ, ಸಂಬಂಧ, ಘಟನೆಗಳನ್ನಷ್ಟೇ ಅದು ತೋರಿಸುತ್ತದೆ, ಮುಂದಿನದನ್ನು ಮುಚ್ಚಿಡುತ್ತದೆ. ಇಂಥ ತಾಣ ಎಲ್ಲ ಸರಣಿಗೂ ಇದ್ದಿದ್ದರೆ ಈ ಲೇಖನ ಅರ್ಧಕ್ಕೇ ಮುಗಿಯುತ್ತಿತ್ತು. ಆರಿಸುವಾಗ ಮಾತ್ರ ನೋಡಿ ಮುಗಿಸಿದ ಕಂತನ್ನೇ ಒತ್ತಿ, ಇವತ್ತು ರಾತ್ರಿ ನೋಡಬೇಕೆಂದಿರುವುದನ್ನಲ್ಲ.